ಕಡಲಿನ ಕತೆಗಳಲ್ಲಿ ಸಿಕ್ಕಿದ ಬೇರೆ ಎಳೆ

ಕಳೆದ ಮಳೆಗಾಲದಲ್ಲಿ ಮಲ್ಪೆ ಕಡೆಯ ಕತೆಗಾರ್ತಿಯೊಬ್ಬರು ಉಡುಪಿಯ ನಮ್ಮ ಮನೆಗೆ ಬಂದರು. ಚೀಲದಲ್ಲಿ 23 ಕತೆಗಳಿದ್ದವು. "ಸರ್, ಇದನ್ನೆಲ್ಲ ಸೇರಿಸಿ ಒಂದು ಸಂಕಲನ ಮಾಡ್ಬೇಕು. ಕಡಲು ಅಂತ ಥೀಮ್ ಇಟ್ಟರೆ ಆಗ್ತದಲ್ವಾ?" ಎಂದು ಕೇಳಿದರು. ಹಸ್ತಪ್ರತಿ ತಿದ್ದಿ ಸಂಕಲನ ಜೋಡಿಸುವುದು ನನ್ನ ಕೆಲಸ. ಕರಾವಳಿಯ ಬರಹಗಾರರಿಂದ ಕಡಲು ಎಂಬ ಉತ್ತರವನ್ನು ಎಷ್ಟೋ ಸಲ ಕೇಳಿದ್ದೇನೆ.

ಓದಿ ನೋಡಿದೆ. ಕಡಲು ಇದ್ದದ್ದು ಒಂಬತ್ತು ಕತೆಗಳಲ್ಲಿ. ಅದರಲ್ಲೂ ನಾಲ್ಕರಲ್ಲಿ ಅದು ಕಿಟಕಿಯ ಆಚೆ ಸುಮ್ನೆ ಇತ್ತು. ಕಡಲು ಒಂದು ವಿಷಯ, ಕತೆ ಎಲ್ಲಿ ನಡೆಯುತ್ತದೆ ಎಂದು ಅದು ಹೇಳುತ್ತದೆ. ಸಂಕಲನವನ್ನು ಕಟ್ಟುವ ಎಳೆ ಇನ್ನೂ ಒಳಗಿರುತ್ತದೆ. ಬರೆಯುವವರು ಗೊತ್ತಿಲ್ಲದೆಯೇ ಮತ್ತೆ ಮತ್ತೆ ಹೋಗಿ ನಿಲ್ಲುವ ಜಾಗ ಅದು.

ಅದನ್ನು ಹುಡುಕಲು ನಾನು ಕಾರ್ಡ್ ಬಳಸುತ್ತೇನೆ. ಒಂದು ಕತೆಗೆ ಒಂದು ಕಾರ್ಡ್. ಅದರಲ್ಲಿ ಊರು, ಕಸುಬು, ಕಾಲ ಯಾವುದನ್ನೂ ಬರೆಯಬಾರದು. ಯಾರಿಗೆ ಏನು ಬೇಕಿತ್ತು, ಕೊನೆಗೆ ಏನಾಯಿತು, ಇಷ್ಟನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಬರೆಯುವುದು ಲೇಖಕರೇ, ಕತೆ ಎದುರಿಗಿಟ್ಟುಕೊಳ್ಳದೆ. ನೆನಪಿನಲ್ಲಿ ಉಳಿದದ್ದು ಮಾತ್ರ ಕಾರ್ಡಿಗೆ ಬರಬೇಕು.

ಅವರು ಚಾವಡಿಯಲ್ಲೇ ಕುಳಿತು 23 ಕಾರ್ಡ್ ಬರೆದರು. ನೆಲದ ಮೇಲೆ ಹರಡಿದೆವು. ಹದಿನಾಲ್ಕರಲ್ಲಿ 'ಕಾಯುವುದು' ಎಂಬ ಮಾತಿತ್ತು. ಅವರಿಗೆ ಖುಷಿಯಾಯಿತು, ನನಗೆ ಸಮಾಧಾನವಾಗಲಿಲ್ಲ. ಕಾಯುವಿಕೆ ಎಂದರೆ ಯಾರ ಪುಸ್ತಕಕ್ಕೂ ಆದೀತು. "ಕಾದದ್ದು ಆಯ್ತು ಮಾರಾಯ್ತಿ, ಆಮೇಲೆ ಏನು?" ಎಂದು ಒಂದೊಂದೇ ಕಾರ್ಡ್ ಎತ್ತಿ ಕೇಳಿದೆ. ಆಗ ನಿಜವಾದ ಎಳೆ ಕಾಣಿಸಿತು. ಹನ್ನೊಂದು ಕತೆಗಳಲ್ಲಿ ಹೋದವರು ವಾಪಸ್ ಬರುತ್ತಾರೆ. ಬಂದವರಿಗೆ ಮನೆಯಲ್ಲಿ ಜಾಗ ಇರುವುದಿಲ್ಲ.

ಮುಂಬೈ ಹೋಟೆಲಿನಿಂದ ಬಂದ ಅಣ್ಣನ ಕೋಣೆಯಲ್ಲಿ ತೆಂಗಿನಕಾಯಿ ರಾಶಿ ಹಾಕಿರುತ್ತಾರೆ. ದುಬೈಯಿಂದ ಬಂದವನ ಪೆಟ್ಟಿಗೆ, ಹಗ್ಗ ಬಿಗಿದು ದೊಡ್ಡಕ್ಷರದಲ್ಲಿ ಹೆಸರು ಬರೆದದ್ದು, ಮೂರು ದಿನವಾದರೂ ಚಾವಡಿಯಲ್ಲೇ ಉಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಮನೆಯಲ್ಲೇ ಇರುವ ಗಂಡ ಎಲ್ಲಿ ಕುಳಿತರೂ ಹೆಂಡತಿಯ ಕೆಲಸಕ್ಕೆ ಅಡ್ಡವಾಗುತ್ತಾನೆ.

ಇವುಗಳ ಜೊತೆಗೇ ಬಂದು ಕುಳಿತದ್ದು ಬೀಡಿ ಕಟ್ಟುವ ಅಜ್ಜಿಯ ಕತೆ. ಅಜ್ಜಿ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅವರ ತಡ್ಪೆ, ಬೀಡಿ ಕಟ್ಟುವಾಗ ಮಡಿಲಲ್ಲಿಟ್ಟುಕೊಳ್ಳುವ ಮೊರ, ಸೊಸೆಯ ಮಡಿಲಲ್ಲಿರುತ್ತದೆ. ಇದರಲ್ಲಿ ಒಂದು ಹನಿ ಕಡಲಿಲ್ಲ. 'ಕಡಲು' ಎಂದು ಹೆಸರಿಟ್ಟಿದ್ದರೆ ಈ ಕತೆ ಹೊರಗೆ ಉಳಿಯುತ್ತಿತ್ತು. ನನ್ನ ಪ್ರಕಾರ ಇಡೀ ಕಟ್ಟಿನಲ್ಲಿ ಇದೇ ಒಳ್ಳೆಯದು.

ಬಹುಮಾನ ಬಂದ ಕತೆಯನ್ನು ಬಿಡಬೇಕಾಯಿತು. ಅವರಿಗೆ ಬೇಸರವಾಯಿತು. ಅದೊಂದು ಚುನಾವಣೆಯ ಕತೆ, ಚೆನ್ನಾಗಿದೆ, ಆದರೆ ಇವುಗಳ ನಡುವೆ ನೆಂಟರಂತೆ ಕುಳಿತಿತ್ತು. ಮುಂದಿನ ಪುಸ್ತಕಕ್ಕೆ ಇರಲಿ ಎಂದೆ.

ಆಮೇಲೆ ಒಂದು ತಪ್ಪಾಯಿತು. ಎಳೆ ಸಿಕ್ಕಿದ ಉತ್ಸಾಹದಲ್ಲಿ ಅವರು ಮನೆಗೆ ಹೋಗಿ ಹಳೆಯ ಕತೆಗಳ ಕೊನೆಗೆ ಹೊಸ ಸಾಲು ಸೇರಿಸಿದರು. ಅಣ್ಣನ ಕತೆಯ ಕೊನೆಗೆ 'ಈ ಮನೆಯಲ್ಲಿ ತನಗಿನ್ನು ಜಾಗವಿಲ್ಲ ಎಂದು ಅವನಿಗೆ ಅನಿಸಿತು' ಎಂದು ಬಂದಿತ್ತು. ಇಂಥ ಸಾಲನ್ನು ಗುರುತಿಸುವುದು ಸುಲಭ. ಅದರ ಮೇಲೆ ಬೆರಳಿಟ್ಟು ಮುಚ್ಚಿ ಓದಿ. ಕತೆಗೆ ಏನೂ ಕಡಿಮೆ ಆಗದಿದ್ದರೆ ಅದು ಅಂಟಿಸಿದ್ದು. ತೆಂಗಿನಕಾಯಿ ರಾಶಿ ಆಗಲೇ ಎಲ್ಲ ಹೇಳಿತ್ತು. ಅಂಥ ಆರು ಸಾಲು ತೆಗೆದೆವು.

ಒಟ್ಟಿಗೆ ಓದಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಬೇರೆ ಬೇರೆ ಪತ್ರಿಕೆಗಳಲ್ಲಿ ಬಂದಾಗ ಗೊತ್ತಾಗದ್ದು ಅದು. ಐದು ಕತೆ ಚಿಲಕದ ಸದ್ದಿನಲ್ಲಿ ಮುಗಿಯುತ್ತಿತ್ತು. ಎಳೆ ಒಂದೇ ಇರಲಿ, ಉತ್ತರ ಪ್ರತಿ ಸಲ ಬೇರೆಯಾಗಬೇಕು. ಒಬ್ಬ ಜಗಳವಾಡಿ ಜಾಗ ಪಡೆಯಲಿ, ಇನ್ನೊಬ್ಬ ಹೊರಟುಹೋಗಲಿ, ಮತ್ತೊಬ್ಬ ಜಗಲಿಯಲ್ಲೇ ಉಳಿಯಲಿ. ಎರಡು ಕತೆಗಳ ಉತ್ತರ ಒಂದೇ ಆಗಿತ್ತು, ಒಂದನ್ನು ಕೈಬಿಟ್ಟೆವು. ಚಿಲಕವನ್ನು ಅಜ್ಜಿಯ ಕತೆಯಲ್ಲಿ ಮಾತ್ರ ಉಳಿಸಿಕೊಂಡೆವು.

ಹತ್ತು ಕತೆ ಉಳಿದವು. ಎಲ್ಲವೂ ಮನೆಯಲ್ಲಿದ್ದವರ ಕಣ್ಣಿನಿಂದ ಬರೆದವು. ಬಂದವರ ಕಡೆಯಿಂದ ಒಂದೂ ಇರಲಿಲ್ಲ. ಹಾಗೆ ಹನ್ನೊಂದನೆಯದನ್ನು ಹೊಸದಾಗಿ ಬರೆದರು: ಮಂಗಳೂರು ರೈಲ್ವೆ ಸ್ಟೇಷನ್ನಿನಲ್ಲಿ ಇಳಿದವನೊಬ್ಬ ಮನೆಗೆ ಫೋನ್ ಮಾಡದೆ ಲಾಡ್ಜಿನಲ್ಲಿ ಒಂದು ರಾತ್ರಿ ಕಳೆಯುತ್ತಾನೆ. ಅದನ್ನು ಕೊನೆಗೆ ಇಡಬೇಕೆಂದು ಅವರಿಗಿತ್ತು. ನಾನು ನಡುವೆ, ಆರನೆಯದಾಗಿ ಇಡಿಸಿದೆ. ಐದು ಕತೆಗಳಲ್ಲಿ ಮನೆಯವರ ಪಕ್ಷ ವಹಿಸಿದ ಓದುಗರು ಅಲ್ಲಿ ಅವನ ಮಾತು ಕೇಳುತ್ತಾರೆ. ಆಮೇಲೆ ಬರುವ ಐದನ್ನು ಓದುವಾಗ ಬಾಗಿಲ ಹೊರಗೆ ನಿಂತವನೂ ನೆನಪಿನಲ್ಲಿರುತ್ತಾನೆ.