ತೊಡೆ ಕೊಡಿ, ಕೊಬ್ಬು ತೆಗೀರಿ

ಭಾನುವಾರ ಬೆಳಗ್ಗೆ ಮಟನ್ ಅಂಗಡಿ ಮುಂದೆ ನಿಂತವರಲ್ಲಿ ಬಹುಪಾಲು ಜನರದ್ದು ಒಂದೇ ಮಾತು: "ತೊಡೇನೇ ಕೊಡಿ, ಕೊಬ್ಬೆಲ್ಲ ತೆಗೆದುಬಿಡಿ." ಕೇಳಿದ ಹಾಗೇ ಕೊಟ್ಟು ಕಳಿಸುತ್ತೇನೆ. ಮುಂದಿನ ವಾರ ಅವರೇ ಬಂದು, "ಬಲಿತದ್ದು ಕೊಟ್ಬಿಟ್ಟಿದ್ರಿ ಅನ್ಸುತ್ತೆ, ನಾರು ನಾರಾಗಿತ್ತು" ಎಂದು ರಾಗ ಎಳೆಯುತ್ತಾರೆ. ಬಲಿತಿರಲಿಲ್ಲ ಸ್ವಾಮಿ. ಸಾರಿಗೆ ಮೆತ್ತಗೆ ಕೂರುವ ಭಾಗವನ್ನು ನೀವೇ ಬೇಡವೆಂದಿರಿ.

ಈಚೆಗೆ ಹುಡುಗರು ಮೊಬೈಲಿನಲ್ಲಿ ಜಪಾನಿನ ವಾಗ್ಯು ದನದ ಮಾಂಸದ ಫೋಟೋ ತೋರಿಸಿ, "ಅಣ್ಣಾ, ಹಿಂಗೆ ಬಿಳಿ ಗೆರೆ ಇರೋದು ಕೊಡಿ" ಅನ್ನುತ್ತಾರೆ. ಅದು ಆ ತಳಿಯ ಗುಣ. ತಿಂಗಳುಗಟ್ಟಲೆ ಕಾಳು ತಿನ್ನಿಸಿ ಬೆಳೆಸಿದ್ದು. ಅಲ್ಲಿ ಮಾಂಸದೊಳಗಿನ ಆ ಬಿಳಿ ಗೆರೆಗಳ ಕೊಬ್ಬಿಗೆ 1ರಿಂದ 12ರವರೆಗೆ ಅಂಕ ಕೊಡುತ್ತಾರೆ. ನಮ್ಮ ಮೇಕೆಯಲ್ಲಿ ಆ ಫೋಟೋ ಹುಡುಕಬೇಡಿ. ಪ್ರಾಣಿ ಮೈತುಂಬುವಾಗ ಕೊಬ್ಬು ಮೊದಲು ಹೊಟ್ಟೆಯೊಳಗೆ, ಗುರದಕಾಯಿಯ, ಅಂದರೆ ಮೂತ್ರಪಿಂಡದ, ಸುತ್ತ ಕೂರುತ್ತದೆ. ಆಮೇಲೆ ಸ್ನಾಯುಗಳ ನಡುವೆ, ಚರ್ಮದ ಕೆಳಗೆ. ಸ್ನಾಯುವಿನ ಒಳಗೆ ಇಳಿಯುವುದು ಎಲ್ಲಕ್ಕಿಂತ ಕೊನೆಗೆ. ಮೇಕೆಯಂತೂ ಬಹುಪಾಲನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಕುರಿ ಬೆನ್ನಿನ ಮೇಲೂ ಪಕ್ಕೆಯಲ್ಲೂ ಹರಡಿಕೊಳ್ಳುತ್ತದೆ. ಬನ್ನೂರು ಕುರಿಗೆ ಮಾಂಸದ ವಿಷಯದಲ್ಲಿ ಹೆಸರಿದೆ ನಿಜ, ಆದರೆ ಬೋರ್ಡಿನ ಮೇಲೆ ಬನ್ನೂರು ಅಂತ ಬರೆದದ್ದೆಲ್ಲ ಬನ್ನೂರಿನದ್ದೇ ಅಂತ ನಾನು ಹೇಳಲಾರೆ.

ಜನಕ್ಕೆ ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ ಒಂದಿದೆ. ಮೇಲಿನ ಕೊಬ್ಬು ಕರಗಿ ಮಾಂಸದ ಒಳಕ್ಕೆ ಇಳಿಯುವುದಿಲ್ಲ. ಒಣ ತೊಡೆಯ ಜೊತೆ ಒಂದು ಮುದ್ದೆ ಕೊಬ್ಬು ಹಾಕಿ ಎಷ್ಟೇ ಬೇಯಿಸಿ, ಸಾರಿನ ಮೇಲೆ ಎಣ್ಣೆ ತೇಲುತ್ತದೆ, ತುಂಡಿನ ಒಳಗು ಹಾಗೇ ಉಳಿಯುತ್ತದೆ. ಎಳೆಗಳ ನಡುವೆ ಮೊದಲೇ ಇದ್ದ ಕೊಬ್ಬು ಮಾತ್ರ ಅಲ್ಲಿ ಕೆಲಸ ಮಾಡುತ್ತದೆ. ಅದು ಕರಗಿ ಎಳೆಗಳನ್ನು ಬಿಡಿಸುತ್ತದೆ, ಅಗಿಯುವಾಗ ಬಾಯಲ್ಲಿ ನೀರೂರಿಸುತ್ತದೆ. ನಾವು "ರಸಭರಿತ" ಅನ್ನುವುದರಲ್ಲಿ ಮಾಂಸದ ನೀರಿನ ಜೊತೆ ಇದಕ್ಕೂ ಪಾಲಿದೆ.

ಸಾರಿನಲ್ಲಂತೂ ಮಾಂಸದ ನೀರನ್ನು ನಂಬುವ ಹಾಗೇ ಇಲ್ಲ. ಒಳಗಿನ ಬಿಸಿ 65 ಡಿಗ್ರಿ ದಾಟುತ್ತಿದ್ದಂತೆ ಎಳೆಗಳು ಮುದುಡಿ ನೀರನ್ನು ಹಿಂಡಿ ಹೊರಹಾಕುತ್ತವೆ, ಕುಕ್ಕರಿನಲ್ಲಿ ಬಿಸಿ 100 ದಾಟುತ್ತದೆ. ತೊಡೆ ಅಂದರೆ ದೊಡ್ಡ ದೊಡ್ಡ ಸ್ನಾಯು. ನಡುವೆ ಕೊಬ್ಬೂ ಕಡಿಮೆ, ಪೊರೆಯೂ ಕಡಿಮೆ. ನೀರು ಹೋದ ಮೇಲೆ ಉಳಿಯುವುದು ಎಳೆ ಮಾತ್ರ. ಮುಂಗಾಲಿನ ಭುಜದಲ್ಲಿ ಹಾಗಲ್ಲ. ಚಿಕ್ಕ ಚಿಕ್ಕ ಸ್ನಾಯು, ಅವುಗಳ ನಡುವೆ ತೆಳ್ಳಗೆ ಕೊಬ್ಬು, ಸುತ್ತ ಪೊರೆ. ನಿಧಾನವಾಗಿ ಬೆಂದರೆ ಪೊರೆ ಕರಗಿ ಅಂಟಂಟಾಗುತ್ತದೆ, ಕೊಬ್ಬು ಅದಕ್ಕೆ ಜೊತೆಯಾಗುತ್ತದೆ, ತುಂಡು ಬೆರಳಿಗೆ ಬಿಡಿಸಿಕೊಂಡು ಬರುತ್ತದೆ.

ನಮ್ಮ ಹಳೇ ಗಿರಾಕಿ ಮೇಷ್ಟ್ರೊಬ್ಬರು ಬಿಳಿ ಕಂಡದ್ದೆಲ್ಲ ಕೊಬ್ಬು ಎಂದು ಜಗಳ ತೆಗೆಯುತ್ತಿದ್ದರು. ಒಂದು ದಿನ ಭುಜದ ತುಂಡು ಕೈಗೆ ಕೊಟ್ಟು, "ಉಗುರು ಒತ್ತಿ ನೋಡಿ ಮೇಷ್ಟ್ರೇ" ಅಂದೆ. ಕೆನೆಬಣ್ಣದ ಭಾಗದಲ್ಲಿ ಉಗುರು ಇಳಿಯಿತು, ಉಜ್ಜಿದರೆ ಬೆರಳಿಗೆ ಜಿಡ್ಡು ಹತ್ತಿತು. ಅದು ಕೊಬ್ಬು. ಪಕ್ಕದಲ್ಲೇ ನೀಲಿ ಛಾಯೆಯ, ಮಿರಮಿರ ಮಿನುಗುವ ಬಿಳಿ. ಉಗುರು ಜಾರಿತೇ ಹೊರತು ಇಳಿಯಲಿಲ್ಲ. ಅದು ಪೊರೆ. ಹುರಿಯುವುದಕ್ಕಾದರೆ ಅದನ್ನು ತೆಗೆಸಿ, ಸಾರಿಗಾದರೆ ಹಾಗೇ ಇರಲಿ. ಅವತ್ತಿನಿಂದ ಮೇಷ್ಟ್ರು ಬೇರೆ ಗಿರಾಕಿಗಳಿಗೂ ಪಾಠ ಮಾಡುತ್ತಾರೆ, ನನಗೆ ವ್ಯಾಪಾರಕ್ಕೆ ತಡವಾಗುತ್ತದೆ.

ಒಂದು ಕೆಜಿ ಸಾರಿಗೆ ನಾನಾದರೆ ಅರ್ಧ ಕೆಜಿ ಭುಜ, ಕಾಲು ಕೆಜಿ ಪಕ್ಕೆಲುಬು, ಕಾಲು ಕೆಜಿ ಕುತ್ತಿಗೆ ಹಾಕುತ್ತೇನೆ. ಬೇಯುವ ಹೊತ್ತು ಪ್ರಾಣಿಯ ವಯಸ್ಸಿನ ಮೇಲೆ ಹೋಗುತ್ತದೆ, ಸೀಟಿ ಎಣಿಸಿ ಹೇಳಲು ಬರುವುದಿಲ್ಲ.

ಇನ್ನು ರುಚಿ. ಮಟನ್ನಿಗೆ ಮಟನ್ ವಾಸನೆ ಬರುವುದೇ ಕೊಬ್ಬಿನಿಂದ. ಬಲಿತ ಹೋತದ್ದಾದರೆ ಅದೇ ಕೊಬ್ಬು ಮೂಗು ಮುಚ್ಚಿಸುತ್ತದೆ, ಅಲ್ಲಿ ತೆಗೆಸುವುದೇ ಸರಿ. ಎಳೆಯದಾದರೆ ಎಲ್ಲವನ್ನೂ ತೆಗೆಸಿದಿರೋ, ಉಳಿಯುವುದು ಮಸಾಲೆಯ ರುಚಿ ಅಷ್ಟೇ. ಹೃದಯದ ತೊಂದರೆ ಇರುವವರು ಡಾಕ್ಟರ ಮಾತು ಕೇಳಿ, ನನ್ನದಲ್ಲ.

ತೊಡೆಯೇ ಬೇಕೆಂದು ಹಟ ಹಿಡಿಯುವವರು ಕೈಮ ಮಾಡಿಸಿಕೊಳ್ಳಿ. ಕೊಬ್ಬನ್ನು ಎಳೆಗಳ ನಡುವೆ ಸೇರಿಸಲು ನಮ್ಮ ಕೈಲಾಗುವುದು ಅಲ್ಲೊಂದೇ ಕಡೆ. ಒಂದು ಕೆಜಿ ತೊಡೆಗೆ ನೂರರಿಂದ ನೂರೈವತ್ತು ಗ್ರಾಂ ಕೊಬ್ಬು ಸೇರಿಸಿ ಕೊಚ್ಚಿಸಿ. ಎದೆಯ ಅಥವಾ ಬೆನ್ನಿನ ಮೆದು ಕೊಬ್ಬೇ ಆಗಬೇಕು; ಗುರದಕಾಯಿ ಸುತ್ತಲಿನದು ಗಟ್ಟಿ ಜಾತಿ, ಉಂಡೆ ಸ್ವಲ್ಪ ಆರಿದರೂ ಮೇಣದ ಹಾಗೆ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ.