ಹಿಂದಿಗೆ ಮರಳಿಸಿ ನೋಡಿದರೆ ಕನ್ನಡ ತಿಳಿಯುವುದಿಲ್ಲ

ಜಾಹೀರಾತಿನ ಘೋಷವಾಕ್ಯ ಕನ್ನಡಕ್ಕೆ ಬಂದ ಮೇಲೆ ಅದನ್ನು ಒಪ್ಪಬೇಕಾದವರು ಸಾಮಾನ್ಯವಾಗಿ ಕನ್ನಡ ಬಾರದವರು. ಹಾಗಾಗಿ ಬ್ಯಾಕ್ ಟ್ರಾನ್ಸ್‌ಲೇಷನ್ ಕೇಳುತ್ತಾರೆ: ಕನ್ನಡದ ಸಾಲನ್ನು ಪದಪದವಾಗಿ ಹಿಂದಿಗೋ ಇಂಗ್ಲಿಷಿಗೋ ಮರಳಿಸಿ, ಮೂಲದ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಹೊಂದಿದರೆ ಪಾಸು, ಹೊಂದದಿದ್ದರೆ ಫೇಲು. ಎಷ್ಟು ಸಲ ವಿವರಿಸಿದರೂ ಇದು ನಿಂತಿಲ್ಲ. ಒಳ್ಳೆಯ ಸಾಲುಗಳು ಸಾಯುವುದು ಇಲ್ಲಿಯೇ.

ಹತ್ತು ರೂಪಾಯಿಯ ಬಟ್ಟೆ ಸೋಪಿನ ಪುಡಿಯ ಪೊಟ್ಟಣಕ್ಕೆ ಹಿಂದಿಯಲ್ಲಿ ‘ಪೂರಾ ಪೈಸಾ ವಸೂಲ್’ ಎಂಬ ಸಾಲು ಇದೆ ಎಂದುಕೊಳ್ಳಿ. ನೇರ ಅನುವಾದ: ‘ಸಂಪೂರ್ಣ ಹಣ ವಸೂಲಿ’. ಮರಳಿಸಿ ನೋಡಿದರೆ ಅಕ್ಷರಶಃ ಹೊಂದುತ್ತದೆ. ಆದರೆ ಕನ್ನಡದಲ್ಲಿ ವಸೂಲಿ ಮಾಡುವವರು ಸಾಲ ಕೊಟ್ಟವರು, ತೆರಿಗೆಯವರು, ರೌಡಿಗಳು. ಹಿಂದಿಯಲ್ಲಿ ಗಿರಾಕಿಗೆ ಆದ ಲಾಭ ಕನ್ನಡದಲ್ಲಿ ಗಿರಾಕಿಯ ಜೇಬಿಗೆ ಬಿದ್ದ ಕತ್ತರಿಯಾಗುತ್ತದೆ.

ಇದೇ ಮಾತನ್ನು ನಮ್ಮ ಜನ ಹೇಳುವ ರೀತಿ ಬೇರೆ: ‘ಕೊಟ್ಟ ಕಾಸಿಗೆ ಮೋಸವಿಲ್ಲ’. ಅಂಗಡಿ ಮುಂದೆ ನಿಂತವರ ಬಾಯಲ್ಲಿ ಆಗಲೇ ಇರುವ ಮಾತು ಇದು, ಹೊಸದಾಗಿ ಕಲಿಸಬೇಕಿಲ್ಲ. ಇದನ್ನು ಮರಳಿಸಿದ ಕೂಡಲೇ ತಕರಾರು ಬರುತ್ತದೆ: “ನಮ್ಮ ಜಾಹೀರಾತಿನಲ್ಲಿ ಮೋಸ ಅನ್ನುವ ಪದ ಯಾಕೆ? ನಕಾರಾತ್ಮಕವಾಗಿದೆಯಲ್ಲ?” ಕನ್ನಡದಲ್ಲಿ ಮೆಚ್ಚುಗೆ ಎಷ್ಟೋ ಸಲ ‘ಇಲ್ಲ’ದ ಮೂಲಕವೇ ಬರುತ್ತದೆ. ‘ಪರವಾಗಿಲ್ಲ’, ‘ತೆಗೆದುಹಾಕೋ ಹಾಗಿಲ್ಲ’ ಎನ್ನುವುದೂ ಹೊಗಳಿಕೆಯೇ. ಮೋಸ ಎಂಬ ಪದವನ್ನು ಬಿಡಿಯಾಗಿ ಕಿತ್ತು ನೋಡಿದವರಿಗೆ ಈ ದನಿ ಕೇಳಿಸುವುದಿಲ್ಲ.

ಒಳ್ಳೆಯ ರೂಪಾಂತರ ಹೇಗಿರುತ್ತದೆ ಎಂಬುದಕ್ಕೆ ಕುಟುಂಬ ಯೋಜನೆಯ ‘ಹಮ್ ದೋ, ಹಮಾರೇ ದೋ’ ನೋಡಿ. ಹಿಂದಿಯಲ್ಲಿ ಮನುಷ್ಯರಿಗೂ ವಸ್ತುಗಳಿಗೂ ಒಂದೇ ‘ದೋ’. ನಾವು ವಸ್ತುಗಳನ್ನು ಎರಡು ಎನ್ನುತ್ತೇವೆ, ಜನರನ್ನು ಇಬ್ಬರು ಎನ್ನುತ್ತೇವೆ. ಜೊತೆಗೆ, ಮಕ್ಕಳ ವಿಷಯದಲ್ಲಿ ‘ನಮಗೆ ಇಬ್ಬರು ಮಕ್ಕಳು’ ಎನ್ನುವುದು ನಮ್ಮ ರೂಢಿ. ಹೀಗಾಗಿ ‘ನಾವಿಬ್ಬರು, ನಮಗಿಬ್ಬರು’ ಆಯಿತು. ‘ಹಮಾರೇ’ ಎಂಬ ಷಷ್ಠಿ ಚತುರ್ಥಿಗೆ ತಿರುಗಿತು, ಸಂಧಿಯಿಂದ ನಾಲ್ಕು ಪದ ಎರಡಾದವು. ಮಾತ್ರೆ ಎಣಿಸಿದರೆ ಎರಡೂ ಭಾಗಕ್ಕೆ ಸರಿಯಾಗಿ ಆರಾರು. ಮೂಲದಲ್ಲಿ ಹೊಡೆತ ಬೀಳುತ್ತಿದ್ದುದು ‘ದೋ’ ಎಂಬ ಪುನರಾವರ್ತನೆಯ ಮೇಲೆ. ಇಲ್ಲಿ ‘ಇಬ್ಬರು’ ಆ ಕೆಲಸ ಮಾಡುತ್ತದೆ. ಉಳಿಯಬೇಕಿದ್ದುದು ಆ ಸಮತೋಲ. ವ್ಯಾಕರಣ ಬದಲಾದರೂ ಅದು ಉಳಿಯಿತು. ತಮಿಳಿನಲ್ಲೂ ‘ನಾಮ್ ಇರುವರ್, ನಮಕ್ಕು ಇರುವರ್’ ಎಂದು ಇದೇ ದಾರಿ ಹಿಡಿದರು.

ಆದ್ದರಿಂದ ಬರೆಯುವವರ ಕೈಗೆ ಬರೀ ಸಾಲನ್ನು ಕೊಡಬೇಡಿ. ಅದು ಯಾರ ಮಾತು, ಯಾರಿಗೆ ಹೇಳಿದ್ದು, ಯಾವುದು ಉಳಿಯಲೇಬೇಕು, ಯಾವುದು ಹೋದರೂ ನಡೆದೀತು ಎಂದು ನಾಲ್ಕು ಸಾಲಿನ ಬ್ರೀಫ್ ಕೊಡಿ. ಮೇಲಿನ ಪೊಟ್ಟಣದ ಬ್ರೀಫ್ ಹೀಗಿರಬಹುದು: ಮಾತು ಬಳಸಿದವರದ್ದು, ಕಂಪನಿಯದ್ದಲ್ಲ, ಕೊಟ್ಟ ದುಡ್ಡು ಸಾರ್ಥಕ ಎಂಬ ತೃಪ್ತಿ ಉಳಿಯಬೇಕು, ಪೈಸೆ, ವಸೂಲಿ ಪದಗಳು ಬೇಡ, ಆಟೋ ಹಿಂದೆ ಒಂದೇ ಸಾಲಿನಲ್ಲಿ ಕೂರಬೇಕು. ಬರೆಯುವವರಿಂದ ಮೂರು ಆಯ್ಕೆ ಕೇಳಿ. ಅವುಗಳ ಪಕ್ಕದಲ್ಲಿ ಪದಶಃ ಅರ್ಥ ಇರಲಿ, ಆದರೆ ಅದರ ಜೊತೆಗೆ ‘ಈ ಮಾತನ್ನು ಜನ ಎಲ್ಲಿ, ಯಾವಾಗ ಆಡುತ್ತಾರೆ’ ಎಂಬ ಟಿಪ್ಪಣಿಯೂ ಇರಬೇಕು. ತೀರ್ಮಾನ ಆ ಟಿಪ್ಪಣಿ ನೋಡಿ ಮಾಡಿ.

ಅನಂತರ ಮೂಲವನ್ನು ನೋಡದ ಐದಾರು ಮಂದಿಗೆ ಸಾಲನ್ನು ಒಮ್ಮೆ ಓದಿ ಹೇಳಿ, ಮಾರನೆಯ ದಿನ ನೆನಪಿನಿಂದ ಹೇಳಿಸಿ. ಅವರು ಎಲ್ಲಿ ಪದ ಬದಲಿಸುತ್ತಾರೋ ಅಲ್ಲಿ ಸಾಲು ಸಡಿಲವಾಗಿದೆ. ಈ ಐದಾರು ಮಂದಿ ಒಂದೇ ಊರಿನವರಾಗಿರಬಾರದು. ‘ಕಾಸು’ ಮೈಸೂರು, ಬೆಂಗಳೂರಿನ ಕಡೆ ಸಲೀಸು. ಹುಬ್ಬಳ್ಳಿಯವರ ಬಾಯಲ್ಲಿ ಅದು ‘ರೊಕ್ಕ’. ರಾಜ್ಯಕ್ಕೆಲ್ಲ ಒಂದೇ ರೇಡಿಯೊ ಸ್ಪಾಟ್ ಇದ್ದರೆ ‘ಕೊಟ್ಟ ದುಡ್ಡಿಗೆ ಮೋಸವಿಲ್ಲ’ ಸುರಕ್ಷಿತ, ಆದರೆ ‘ಕೊಟ್ಟ ಕಾಸಿ’ನ ಅನುಪ್ರಾಸ ಹೋಗುತ್ತದೆ. ಬಜೆಟ್ ಇದ್ದರೆ ಎರಡು ರೆಕಾರ್ಡಿಂಗ್ ಮಾಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಪದಕ್ಕೆ ಪದ ಹೊಂದಬೇಕಿಲ್ಲ ಎಂಬ ಈ ಸಡಿಲಿಕೆ ಘೋಷವಾಕ್ಯಕ್ಕೆ ಮಾತ್ರ. ‘ಶೇ 50ರವರೆಗೆ ರಿಯಾಯಿತಿ’ಯಲ್ಲಿ ಲಯಕ್ಕಾಗಿ ‘ವರೆಗೆ’ ಬಿಟ್ಟರೆ ಅದು ಸುಳ್ಳು ಭರವಸೆ. ‘ಕಡಿಮೆ ಮಾಡಲು ನೆರವಾಗುತ್ತದೆ’ ಎಂಬುದು ‘ಗುಣಪಡಿಸುತ್ತದೆ’ ಆಗಕೂಡದು. ಔಷಧ, ವಿಮೆ, ಸಾಲದ ಷರತ್ತುಗಳನ್ನು ಪದಪದವಾಗಿಯೇ ಮರಳಿಸಿ ನೋಡಬೇಕು. ಅಲ್ಲಿ ಕ್ಲೈಂಟ್ ಹಟ ಹಿಡಿದರೆ ನಾನೂ ಅವರ ಪಕ್ಷ.