ನನ್ನ ಬಾಯಿ, ನನ್ನ ದುಡ್ಡು: ಗುಟ್ಕಾ ತಿಂದರೆ ಸರ್ಕಾರಕ್ಕೇನು?

ಓದುಗರ ಪ್ರಶ್ನೆ: "ನಾನು ಹಾವೇರಿ ಜಿಲ್ಲೆಯವನು, ಹುಬ್ಬಳ್ಳಿಯಲ್ಲಿ ಕೆಲಸ. ವಯಸ್ಸು 38. ಹದಿನಾರನೇ ವಯಸ್ಸಿನಿಂದ ಗುಟ್ಕಾ ತಿನ್ನುತ್ತಿದ್ದೇನೆ. ಅದರಿಂದ ಏನಾಗುತ್ತದೆ ಅಂತ ನನಗೆ ಗೊತ್ತಿದೆ, ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಬಾಯಿ ನನ್ನದು, ದುಡ್ಡು ನನ್ನದು. ಇದರಲ್ಲಿ ಸರ್ಕಾರ ಯಾಕೆ ಕೈ ಹಾಕಬೇಕು?"

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಮೊದಲು ಒಂದು ವಿಷಯ. ನೀವು ಗುಟ್ಕಾ ತಿನ್ನುವುದನ್ನು ಕಾನೂನು ಅಪರಾಧ ಅಂದಿಲ್ಲ. ಕರ್ನಾಟಕದಲ್ಲಿ 2013ರಲ್ಲಿ ಬಂದದ್ದು ಮಾರಾಟದ ನಿಷೇಧ. ಅದಕ್ಕೆ ಆಧಾರ 2006ರ ಆಹಾರ ಸುರಕ್ಷತೆ ಕಾಯ್ದೆ. ಅದರ 30ನೇ ಸೆಕ್ಷನ್ ಪ್ರಕಾರ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಜನರ ಆರೋಗ್ಯಕ್ಕಾಗಿ ಒಂದು ಆಹಾರ ಪದಾರ್ಥವನ್ನು ತಯಾರಿಸುವುದು, ಕೂಡಿಡುವುದು, ಹಂಚುವುದು, ಮಾರುವುದು ಇಷ್ಟನ್ನೂ ನಿಲ್ಲಿಸಬಹುದು. ಆ ಪಟ್ಟಿಯಲ್ಲಿ ತಿನ್ನುವುದು ಇಲ್ಲ. ಕೈಬಿಟ್ಟದ್ದು ಮರೆತು ಅಲ್ಲ. ತಿನ್ನುವವನನ್ನು ಹಿಡಿಯುವುದಕ್ಕೂ ಮಾರುವವನನ್ನು ಹಿಡಿಯುವುದಕ್ಕೂ ಬೇರೆ ಬೇರೆ ಕಾರಣ ಬೇಕಾಗುತ್ತದೆ.

ಆ ಕಾರಣ ಯಾವುದಿರಬೇಕು ಎಂದು 1859ರಲ್ಲಿ ತುಂಬಾ ಸ್ಪಷ್ಟವಾಗಿ ಬರೆದವನು ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್, ತನ್ನ 'ಆನ್ ಲಿಬರ್ಟಿ' ಪುಸ್ತಕದಲ್ಲಿ. ಅವನ ಮಾತಿನ ತಿರುಳು ಇಷ್ಟು. ಬುದ್ಧಿ ಬಲಿತ ಮನುಷ್ಯನನ್ನು ಅವನ ಇಷ್ಟಕ್ಕೆ ವಿರುದ್ಧವಾಗಿ ತಡೆಯಬೇಕಾದರೆ ಒಂದೇ ಕಾರಣ ನಡೆಯುತ್ತದೆ: ಅವನಿಂದ ಬೇರೆಯವರಿಗೆ ಹಾನಿಯಾಗುವುದನ್ನು ತಪ್ಪಿಸುವುದು. 'ನಿನ್ನ ಒಳ್ಳೆಯದಕ್ಕೇ ಹೇಳ್ತಿದ್ದೇನೆ' ಅನ್ನುವುದು ತಡೆಯಲು ಸಾಲದು. ತಿಳಿಹೇಳಬಹುದು, ವಾದ ಮಾಡಬಹುದು, ಕೈಮುಗಿದು ಬೇಡಿಕೊಳ್ಳಬಹುದು. ಬಲವಂತ ಮಾತ್ರ ಕೂಡದು. ಇದನ್ನೇ ಹಾನಿ ತತ್ವ ಅನ್ನುತ್ತಾರೆ. (ಇದೇ ಮಿಲ್ ಮೂವತ್ತೈದು ವರ್ಷ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಈ ಸ್ವಾತಂತ್ರ್ಯ ಮಕ್ಕಳಿಗೂ 'ಹಿಂದುಳಿದ' ಜನಾಂಗಗಳಿಗೂ ಇಲ್ಲ ಎಂದು ಅದೇ ಪುಸ್ತಕದಲ್ಲಿ ಬರೆದ. ನಾವು ಆ ಎರಡನೇ ಗುಂಪಿನಲ್ಲಿ! ತತ್ವ ಇಟ್ಟುಕೊಂಡು ಆ ಮಾತನ್ನು ಅವನಿಗೇ ವಾಪಸ್ ಕೊಡೋಣ.)

ಹಾಗಾದರೆ ತಿನ್ನುವ ವಿಷಯದಲ್ಲಿ ಮಿಲ್ ನಿಮ್ಮ ಕಡೆ. 'ನಾಳೆ ಕ್ಯಾನ್ಸರ್ ಬಂದರೆ ಸರ್ಕಾರಿ ದುಡ್ಡಲ್ಲೇ ಚಿಕಿತ್ಸೆ, ಅಂದರೆ ನಮ್ಮ ತೆರಿಗೆ ಹೋಗುತ್ತದೆ, ಅದೂ ಹಾನಿಯೇ ಅಲ್ವಾ?' ಎಂದು ಯಾರಾದರೂ ಕೇಳುತ್ತಾರೆ. ನನಗೆ ಈ ವಾದ ಒಪ್ಪಿಗೆಯಿಲ್ಲ. ಇದನ್ನು ಒಪ್ಪಿದರೆ ಎಲ್ಲಿ ನಿಲ್ಲುತ್ತೀರಿ? ದಿನಾ ಸಂಜೆ ಗಿರಮಿಟ್ ಜೊತೆ ನಾಲ್ಕು ಮಿರ್ಚಿ ತಿನ್ನುವವನ ಬಿಪಿಯ ಖರ್ಚೂ ಅದೇ ಖಜಾನೆಯಿಂದ. ಖರ್ಚನ್ನೇ ಹಾನಿ ಅಂದರೆ ಖಾಸಗಿ ಅನ್ನುವುದು ಏನೂ ಉಳಿಯುವುದಿಲ್ಲ. ಆ ಖರ್ಚಿಗೆ ತೆರಿಗೆ ಹಾಕಲಿ, ಹಾಕುತ್ತಲೂ ಇದ್ದಾರೆ. ಮಿಲ್ ಕೂಡ ಮದ್ಯದ ಬಗ್ಗೆ ಇದನ್ನೇ ಹೇಳಿದ. ಕುಡಿಯದಂತೆ ಮಾಡಲೆಂದೇ ತೆರಿಗೆ ಏರಿಸುವುದು ತಪ್ಪು, ಅದು ನಿಷೇಧದ್ದೇ ಇನ್ನೊಂದು ರೂಪ. ಆದರೆ ಸರ್ಕಾರಕ್ಕೆ ಹೇಗೂ ತೆರಿಗೆ ಬೇಕಲ್ಲ, ಅದನ್ನು ಅಕ್ಕಿಯ ಮೇಲೆ ಹಾಕುವ ಬದಲು ಇಂಥದರ ಮೇಲೆ ಹಾಕುವುದೇ ಸರಿ.

ಮನೆಯವರ ವಿಷಯ ಬೇರೆ. ಮಗಳ ಫೀ ಕಟ್ಟುವ ದುಡ್ಡು ಚಟಕ್ಕೆ ಹೋಗುತ್ತಿದ್ದರೆ ಅದು ನಿಮ್ಮೊಬ್ಬರ ವಿಷಯ ಅಲ್ಲ. ಆದರೂ ಅಲ್ಲಿ ಹೊಣೆ ಹೊರಿಸಬೇಕಾದದ್ದು ಮನೆಯನ್ನು ನೋಡಿಕೊಳ್ಳದ ತಪ್ಪಿಗೆ, ಚಟಕ್ಕಲ್ಲ. ಅದೇ ದುಡ್ಡನ್ನು ಒಳ್ಳೆಯ ಕೆಲಸಕ್ಕೇ ಸುರಿದು ಮನೆ ಮರೆತವನಿಗೂ ಅದೇ ಅಳತೆ.

ಈಗ ಉಗುಳುವುದು. ಚಿಗರಿ ಬಸ್ಸಿನ ನಿಲ್ದಾಣದ ಮೂಲೆಯಲ್ಲಿ ನೀವು ಉಗುಳಿದರೆ, ಅದು ನಿಮ್ಮ ಬಾಯಿ ಬಿಟ್ಟು ಎಲ್ಲರ ಜಾಗಕ್ಕೆ ಬಂತು. ಇಲ್ಲಿ 'ನನ್ನ ಬಾಯಿ' ಅನ್ನುವ ಮಾತು ಮುಗಿಯಿತು. ತಂಬಾಕು ನಿಯಂತ್ರಣ ಕಾನೂನಿಗೆ ರಾಜ್ಯ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಅಥವಾ ತಂಬಾಕು ಉಗುಳಿದರೆ ದಂಡ 1,000 ರೂಪಾಯಿವರೆಗೆ ಇದೆ. ಆದರೆ ಇದಕ್ಕೆ ಕೊಡುವ ಕಾರಣ ಕೆಲವೊಮ್ಮೆ ಸಡಿಲ. 'ಉಗುಳಿನಿಂದ ಟಿಬಿ ಬರುತ್ತದೆ' ಅನ್ನುತ್ತಾರೆ. ಟಿಬಿ ಮುಖ್ಯವಾಗಿ ಹರಡುವುದು ರೋಗಿ ಕೆಮ್ಮಿದಾಗ ಗಾಳಿಯಲ್ಲಿ ತೇಲುವ ಸಣ್ಣ ಹನಿಗಳಿಂದ. ಗೋಡೆಯ ಮೇಲೆ ಒಣಗಿದ ಕೆಂಪು ಕಲೆಯಿಂದ ಅಷ್ಟಾಗಿ ಅಲ್ಲ. ಅದನ್ನು ತೊಳೆಯುವ ಪೌರಕಾರ್ಮಿಕರ ದುಡಿಮೆ, ಎಲ್ಲರ ಜಾಗದ ಹೊಲಸು, ಇಷ್ಟೇ ದಂಡಕ್ಕೆ ಸಾಕಲ್ವಾ? ಇಲ್ಲದ ರೋಗದ ಹೆದರಿಕೆ ಸೇರಿಸಬೇಕಿಲ್ಲ. ಹೊಗೆಯ ವಿಷಯದಲ್ಲಿ ಮಾತ್ರ ಹಾನಿ ನೇರವಾದದ್ದು. ಪಕ್ಕದವನ ಬೀಡಿಯ ಹೊಗೆ ಸೇದದವನ ಎದೆಗೂ ಇಳಿಯುತ್ತದೆ. 2001ರಲ್ಲಿ ಮುರಳಿ ದೇವರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಸ್ಥಳದ ಧೂಮಪಾನ ತಡೆದದ್ದು ಸೇದದವರ ಬದುಕುವ ಹಕ್ಕಿನ ಹೆಸರಿನಲ್ಲಿ, ಸೇದುವವರ ಆರೋಗ್ಯ ಕಾಯಲು ಅಲ್ಲ.

ಮಾರಾಟದ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ಕೊಳ್ಳುವವನು ಒಪ್ಪಿಯೇ ಕೊಂಡರೆ ಮಾರುವವನು ಯಾರಿಗೆ ಹಾನಿ ಮಾಡಿದ? ಇಲ್ಲಿ ಮಿಲ್ ಕೊಟ್ಟ ಸೇತುವೆಯ ಉದಾಹರಣೆಯನ್ನು ನಮ್ಮ ಬೆಣ್ಣೆಹಳ್ಳಕ್ಕೆ ತರುತ್ತೇನೆ. ಸೇತುವೆ ಕುಸಿಯುವಂತಿದೆ, ಒಬ್ಬ ಅದು ತಿಳಿಯದೆ ಹೆಜ್ಜೆ ಇಡುತ್ತಿದ್ದಾನೆ. ಹೇಳಲು ಸಮಯವಿಲ್ಲದಿದ್ದರೆ ತೋಳು ಹಿಡಿದು ಎಳೆಯಬಹುದು, ಯಾಕೆಂದರೆ ನೀರಿಗೆ ಬೀಳುವುದು ಅವನ ಇಷ್ಟ ಅಲ್ಲ. ಆದರೆ ಬೀಳುವುದು ಖಚಿತವಲ್ಲ, ಅಪಾಯ ಮಾತ್ರ ಇದೆ ಎಂದಾದರೆ, ಎಚ್ಚರಿಸಿ ದಾರಿ ಬಿಡಬೇಕು. ದಾಟುವುದು ಬಿಡುವುದು ಅವನಿಗೆ ಸೇರಿದ್ದು.

ಅಂದರೆ ಎಲ್ಲವೂ 'ಗೊತ್ತಿದೆ' ಅನ್ನುವುದರ ಮೇಲೆ ನಿಂತಿದೆ. ನಿಮಗೆ ಎಷ್ಟು ಗೊತ್ತು, ಸ್ವಲ್ಪ ನೋಡೋಣ. ತಂಬಾಕಿನಿಂದ ಕ್ಯಾನ್ಸರ್ ಅನ್ನುವುದು ಪಾಕೀಟಿನ ಮೇಲೇ ಇದೆ. ಆದರೆ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕಿಲ್ಲದ ಪಾನ್ ಮಸಾಲಾ ತಿಂದರೂ ಕೆನ್ನೆಯ ಒಳಚರ್ಮ ಬಿಗಿದು ನಾರಿನಂತಾಗಬಹುದು. ಮೊದಲು ಖಾರದ ಊಟ ಉರಿಯುತ್ತದೆ, ಆಮೇಲೆ ಬಾಯಿ ಪೂರ್ತಿ ತೆರೆಯಲು ಬರುವುದಿಲ್ಲ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಹಿಡಿಸಿ ನೋಡಿ. ಹಿಡಿಸದಿದ್ದರೆ ದಂತವೈದ್ಯರ ಹತ್ತಿರ ಹೋಗಬೇಕು. ಹೀಗೆ ಬಿಗಿದ ಚರ್ಮ ಮೊದಲಿನಂತೆ ಆಗುವುದು ಅಪರೂಪ. ತಂಬಾಕಿಲ್ಲದ ಮಸಾಲಾ ಸುರಕ್ಷಿತ ಎಂದುಕೊಂಡು ತಿನ್ನುವವನು ಸೇತುವೆ ಗಟ್ಟಿಯಿದೆ ಎಂದುಕೊಂಡು ದಾಟುವವನೇ.

ಗೊತ್ತಿದ್ದರೂ ಇನ್ನೊಂದು ತೊಡಕಿದೆ. ನಿಮ್ಮ ಪತ್ರದಲ್ಲೇ ಅದಿದೆ. ಶುರು ಮಾಡಿದ್ದು 38ರ ನೀವಲ್ಲ, 16ರ ಹುಡುಗ. ನಿಕೋಟಿನ್‌ಗೆ ಮೆದುಳು ಒಗ್ಗಿದ ಮೇಲೆ ದಿನಾ ಬೆಳಿಗ್ಗೆ ಹೊಸದಾಗಿ ಆರಿಸಿಕೊಳ್ಳುತ್ತಿದ್ದೇನೆ ಅನ್ನುವುದು ಪೂರ್ತಿ ನಿಜವಲ್ಲ. ಇದರಿಂದ ನಿಮ್ಮ ಮೇಲೆ ಕೈ ಹಾಕಲು ಸರ್ಕಾರಕ್ಕೆ ಅಧಿಕಾರ ಬರುವುದಿಲ್ಲ, ಆದರೆ ಆ ಹುಡುಗನಿಗೆ ಮಾರಿದವನ ಮೇಲೆ ಬರುತ್ತದೆ. ಮಾರಾಟದ ಮೇಲಿನ ಹಿಡಿತಕ್ಕೆ ನಾನು ಒಪ್ಪುವ ಕಾರಣ ಇದೊಂದೇ.

ಹಾಗಂತ ನಿಷೇಧ ಕೆಲಸ ಮಾಡಿದೆಯೇ? ಗುಟ್ಕಾ ಅಂದರೆ ಅಡಿಕೆ, ಕಾಚು, ಸುಣ್ಣ, ತಂಬಾಕು ಬೆರೆಸಿದ ಪುಡಿ. ತಂಬಾಕನ್ನು ಆಹಾರದಲ್ಲಿ ಸೇರಿಸಬಾರದು ಎಂಬುದು ನಿಯಮ. ಕಂಪನಿಗಳು ಪಾನ್ ಮಸಾಲಾವನ್ನು ಒಂದು ಪಾಕೀಟಿನಲ್ಲಿ, ತಂಬಾಕನ್ನು ಇನ್ನೊಂದು ಪಾಕೀಟಿನಲ್ಲಿ ಹಾಕಿದವು. ಅಂಗಡಿಯವನು ಎರಡನ್ನೂ ಕೊಡುತ್ತಾನೆ, ಬೆರೆಸುವುದು ನಿಮ್ಮ ಅಂಗೈ. ಒಂದು ಸಾಮಾನು ನಿಂತು, ಅದೇ ಸಾಮಾನು ಎರಡಾಗಿ ಬಂತು. ಇನ್ನೊಂದು ತಕರಾರು ಕಾನೂನಿನದ್ದು. 30ನೇ ಸೆಕ್ಷನ್ನಿನ ಆದೇಶಕ್ಕೆ ಆಯುಷ್ಯ ಹೆಚ್ಚೆಂದರೆ ಒಂದು ವರ್ಷ. ತಾತ್ಕಾಲಿಕ ಅಧಿಕಾರವನ್ನು ವರ್ಷ ವರ್ಷ ನವೀಕರಿಸುತ್ತಾ ಹೋಗುವುದು ಸರಿಯಲ್ಲ ಎಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2022ರಲ್ಲಿ ಅಲ್ಲಿನ ಆದೇಶಗಳನ್ನು ರದ್ದು ಮಾಡಿತು. 2023ರಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಏಕಸದಸ್ಯ ಪೀಠದ ಅನುಮಾನದಲ್ಲಿ ಹುರುಳಿತ್ತು ಅಂತಲೇ ನನ್ನ ಅನಿಸಿಕೆ. ಶಾಶ್ವತ ನಿಷೇಧ ಬೇಕಿದ್ದರೆ ವಿಧಾನಸಭೆಯಲ್ಲಿ ಚರ್ಚೆ ಮಾಡಿ ಕಾನೂನು ತರಲಿ.

ಬೇರೆಯವರಿಗೆ ಹಾನಿ ಇದೆ ಎಂದು ಸಿದ್ಧವಾದರೂ ಸರ್ಕಾರ ಏನು ಬೇಕಾದರೂ ಮಾಡಬಹುದು ಎಂದಲ್ಲ. ಪ್ಲೇಗ್ ನೋಡಿ. ಒಬ್ಬನಿಂದ ಊರಿಗೇ ಅಪಾಯ, ಅನುಮಾನವೇ ಇಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದದ್ದು ಅದಕ್ಕೇ. ಆದರೆ ಪುಣೆಯಲ್ಲಿ ಸೋಲ್ಜರ್‌ಗಳು ಮನೆ ಮನೆ ನುಗ್ಗಿ ತಪಾಸಣೆ ಮಾಡಿದ ರೀತಿಗೆ ಜನ ರೊಚ್ಚಿಗೆದ್ದರು. ಅದೇ ವರ್ಷ ಪ್ಲೇಗ್ ಅಧಿಕಾರಿ ರ‍್ಯಾಂಡ್ ಕೊಲೆಯಾದ. ಮರುವರ್ಷ ಪ್ಲೇಗ್ ಹುಬ್ಬಳ್ಳಿಗೂ ಬಂತು. ಇಲ್ಲಿ ವಿಜ್ಞಾನಿ ಹಾಫ್ಕಿನ್ ಕಂಡುಹಿಡಿದ ಪ್ಲೇಗ್ ಚುಚ್ಚುಮದ್ದನ್ನು ಸಾವಿರಾರು ಜನ ಹಾಕಿಸಿಕೊಂಡರು. ಉದ್ದೇಶ ಎರಡೂ ಕಡೆ ಒಂದೇ, ದಾರಿ ಬೇರೆ.

ಕೊರೊನಾ ಲಸಿಕೆ ಬಂದಾಗಲೂ ಇದೇ ಪ್ರಶ್ನೆ ಎದ್ದಿತು. 2022ರ ಮೇ 2ರಂದು ಜೇಕಬ್ ಪುಳಿಯೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಒಟ್ಟಿಗೆ ಹೇಳಿತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ದೇಹ ಅವರವರದು. ಆದರೆ ಜನರ ಆರೋಗ್ಯಕ್ಕಾಗಿ ಸರ್ಕಾರ ಕೆಲವು ನಿರ್ಬಂಧ ಹಾಕಬಹುದು. ಅದಕ್ಕೆ ಕಾನೂನಿನ ಆಧಾರ ಬೇಕು, ನಿಜವಾದ ಅಗತ್ಯ ಬೇಕು, ಆ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು. ಲಸಿಕೆ ಹಾಕಿಸದವರಿಗೆ ಪ್ರವೇಶವಿಲ್ಲ ಎಂಬ ಆಗಿನ ನಿಯಮಗಳು ಈ ಅಳತೆಯಲ್ಲಿ ಸೋತವು. ಹಾಕಿಸಿಕೊಳ್ಳದವರಿಂದ ಸೋಂಕು ಹಾಕಿಸಿಕೊಂಡವರಿಗಿಂತ ಜಾಸ್ತಿ ಹರಡುತ್ತದೆ ಎಂದು ತೋರಿಸುವ ಮಾಹಿತಿಯನ್ನು ಸರ್ಕಾರಗಳು ಕೋರ್ಟಿನ ಮುಂದಿಡಲಿಲ್ಲ. ಲಸಿಕೆ ಹಾಕಿಸಿಕೊಂಡವನಿಗೆ ಲಾಭ ಇದ್ದೇ ಇತ್ತು. ಆದರೆ ಅದು ಅವನ ಸ್ವಂತ ಲಾಭ. ಪಕ್ಕದವನಿಗೆ ಹಾನಿ ತಪ್ಪುತ್ತದೆ ಎಂಬ ಪುರಾವೆ ತೆಳುವಾದ ಕೂಡಲೇ ನಿರ್ಬಂಧದ ಕಾಲೂ ಸಡಿಲವಾಯಿತು.

ಇನ್ನು ಉಳಿದದ್ದು ವಯಸ್ಸಿನ ಮಿತಿಯ ಮಾತು. ಮೊದಲು ತಂಬಾಕು ಮಾರಬಾರದು ಎಂದಿದ್ದದ್ದು 18 ತುಂಬದವರಿಗೆ. ರಾಜ್ಯದ ತಿದ್ದುಪಡಿಯಿಂದ ಅದು 21 ಆಗಿದೆ. ಶಾಲೆ-ಕಾಲೇಜಿನಿಂದ 100 ಮೀಟರ್ ಒಳಗೆ ಯಾರಿಗೂ ಮಾರುವಂತಿಲ್ಲ. 18ಕ್ಕೆ ವೋಟು ಹಾಕುವವನಿಗೆ 20ರಲ್ಲಿ ಸಿಗರೇಟು ಯಾಕೆ ಕೊಡಬಾರದು? ಹಾನಿ ತತ್ವವನ್ನು ಬಿಗಿಯಾಗಿ ಹಿಡಿದರೆ ಈ ಮೂರು ವರ್ಷಕ್ಕೆ ಸಮರ್ಥನೆ ಸಿಗುವುದಿಲ್ಲ, ಅವನು ವಯಸ್ಕ. ಆದರೂ ನಾನು ಈ ನಿಯಮದ ಪರ. ಶಿಕ್ಷೆ ಬೀಳುವುದು ಕೊಟ್ಟ ಅಂಗಡಿಯವನಿಗೆ, ಕೊಂಡ ಹುಡುಗನಿಗಲ್ಲ. ಮೇಲಾಗಿ ಹದಿನಾರರ ಹುಡುಗನಿಗೆ ಪಾಕೀಟು ತಂದುಕೊಡುವವನು ಸಾಮಾನ್ಯವಾಗಿ ನಲವತ್ತರವನಲ್ಲ, ಅದೇ ಕಾಲೇಜಿನ ಹತ್ತೊಂಬತ್ತರ ಗೆಳೆಯ. ನಾಳೆ ಇದೇ ನಿಯಮ 25ಕ್ಕೆ ಏರಿದರೆ ಮಾತ್ರ ನಾನು ನಿಮ್ಮ ಕಡೆ ಬಂದು ನಿಲ್ಲುತ್ತೇನೆ.